ಆಷಾಢದ ಅಂಗಡಿಗೆ ಹನ್ನೆರಡು ಮಾತು

ಬೀದರ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ಒಂದು ಫರ್ನಿಚರ್ ಅಂಗಡಿ ಇದೆಯೆಂದು ಭಾವಿಸಿಕೊಳ್ಳಿ. ಆಷಾಢ ಮಾಸ. ಮದುವೆಗಳಿಲ್ಲ, ಮಂಚ ಕಪಾಟು ಕೇಳುವವರಿಲ್ಲ. ರೈತರ ಹಣ ಸೋಯಾ, ಉದ್ದು, ತೊಗರಿಯ ಬೀಜ ಗೊಬ್ಬರಕ್ಕೆ ಹೋಗಿದೆ. ಇಂಥ ಹೊತ್ತಿನಲ್ಲಿ ಅಂಗಡಿಯವರು ದಿನಕ್ಕೊಂದು ‘ಭಾರಿ ರಿಯಾಯಿತಿ’ಯ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದುಂಟು. ಕೈಯಲ್ಲಿಲ್ಲದ ಹಣವನ್ನು ರಿಯಾಯಿತಿ ಹೊರತರಲಾರದು. ಬೆಲೆ ಇನ್ನೂ ಇಳಿದೀತೆಂದು ಜನ ಕಾಯತೊಡಗುತ್ತಾರೆ, ಅಷ್ಟೆ.

ಹಾಗಾದರೆ ಏನು ಹೇಳಬೇಕು? ಟೆಲಿವಿಷನ್‌ನಲ್ಲಿ ನಾವು ಕಾರ್ಯಕ್ರಮಗಳನ್ನು ಎರಡು ಬಗೆಯಾಗಿ ನೋಡುತ್ತೇವೆ. ಒಂದು, ಇಂದೇ ತೋರಿಸಬೇಕಾದದ್ದು. ನಾಳೆಗೆ ಅದು ಹಳಸುತ್ತದೆ. ಇನ್ನೊಂದು, ಯಾವ ದಿನ ತೋರಿಸಿದರೂ ನಡೆಯುವಂಥದು. ಅಂಗಡಿಗೂ ಇವೆರಡೂ ಬೇಕು. ತಿಂಗಳಿಗೆ ಹನ್ನೆರಡು ಮಾತು, ಅಂದರೆ ವಾರಕ್ಕೆ ಮೂರು, ಸಾಕು. ವ್ಯಾಪಾರ ಮಂದವಿರುವಾಗ ಅವುಗಳಲ್ಲಿ ಒಂಬತ್ತು ಸದಾಕಾಲದವಿರಲಿ, ಮೂರು ಸಮಯಕ್ಕೆ ಸಂಬಂಧಿಸಿದವಿರಲಿ. ಮಂಚವನ್ನು ಯಾರೂ ನೋಡಿದ ದಿನವೇ ಕೊಳ್ಳುವುದಿಲ್ಲ. ಮನೆಮಂದಿ ವಾರಗಟ್ಟಲೆ ಯೋಚಿಸುತ್ತಾರೆ. ಆ ಯೋಚನೆಗೆ ಆಧಾರವಾಗುವುದು ಸದಾಕಾಲದ ಮಾತು.

ಒಂದು ಉದಾಹರಣೆ. ಮಳೆಗಾಲದಲ್ಲಿ ಮೇಜಿನ ಡ್ರಾಯರ್ ಏಕೆ ಬಿಗಿಯಾಗುತ್ತದೆ? ಮರ ಗಾಳಿಯ ತೇವವನ್ನು ಹೀರಿ ಅಡ್ಡಕ್ಕೆ ಉಬ್ಬುತ್ತದೆ. ಎಳೆಯ ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ. ಹೀಗಾಗಿ ಡ್ರಾಯರಿನ ಪಕ್ಕದ ಹಲಗೆಯ ಎತ್ತರ ಹೆಚ್ಚಿ ಅದು ಸಿಕ್ಕಿಕೊಳ್ಳುತ್ತದೆ. ಆಗಲೇ ಉಜ್ಜುಗೊರಡು ಹಿಡಿದರೆ ಬೇಸಿಗೆಯಲ್ಲಿ ಅದು ಸಡಿಲವಾದೀತು. ಸದ್ಯಕ್ಕೆ ಅಂಚಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು. ಈ ಮಾತು ಪ್ರತಿ ಮಳೆಗಾಲಕ್ಕೂ ಬರುತ್ತದೆ. ಸ್ಟೇಟಸ್ 24 ಗಂಟೆಗಳಲ್ಲಿ ಮರೆಯಾಗುವುದರಿಂದ ಇದನ್ನೇ ಮುಂದಿನ ವರ್ಷವೂ ಹಾಕಬಹುದು.

ಇನ್ನು ಸಮಯದ ಮಾತು. ಇದಕ್ಕೆ ಲೆಕ್ಕ ಬೇಕು. ಮಂಚ ಮಾಡಲು ಬಡಿಗನಿಗೆ 12 ದಿನ, ಮಳೆಯಲ್ಲಿ ಪಾಲಿಶ್ ಒಣಗಲು 5 ದಿನ, ಸಾಗಿಸಲು 1 ದಿನ ಹಿಡಿಯುವುದಾದರೆ ಒಟ್ಟು 18 ದಿನ. ಶ್ರಾವಣದ ಮದುವೆ ಆಗಸ್ಟ್ 25ಕ್ಕಿದ್ದರೆ ಆರ್ಡರಿಗೆ ಕೊನೆಯ ದಿನ ಆಗಸ್ಟ್ 7. ಇದನ್ನು ಜುಲೈ 31ಕ್ಕೇ ತಿಳಿಸಬೇಕು. ಆಗಸ್ಟ್ 8ಕ್ಕೆ ಬಾಗಿಲ ಫಲಕದಿಂದ ಅಳಿಸಬೇಕು. ಅವಧಿ ಮುಗಿದ ಫಲಕ ತೂಗಾಡುತ್ತಿದ್ದರೆ ಮುಂದಿನ ತಾರೀಖನ್ನು ಯಾರೂ ನಂಬುವುದಿಲ್ಲ. ಉಳಿದ ಎರಡನ್ನು ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತಿಗೆ ಇಟ್ಟುಕೊಳ್ಳಬಹುದು. ಮನೆಯ ಸಾಮಾನಿನ ಮಾತು ಆಗ ತಾನಾಗಿಯೇ ಏಳುತ್ತದೆ. ಹೆಸರು, ಉದ್ದಿನ ಹಣ ಕೈಗೆ ಬಂದ ಮೇಲೆ ಇಂಥ ಮಾತುಗಳನ್ನು ಆರಕ್ಕೇರಿಸಬಹುದು.

ಫಲ ಸಿಗುತ್ತಿದೆಯೇ ಎಂದು ತಿಳಿಯಲು, ಸ್ಟೇಟಸ್ ನೋಡಿದವರ ಸಂಖ್ಯೆ ಸಾಲದು. ಅಂಗಡಿಗೆ ಬಂದವರನ್ನು “ಏನು ನೋಡಿ ಬಂದಿರಿ?” ಎಂದು ಕೇಳಿ ವಹಿಯಲ್ಲಿ ಬರೆದಿಡಬೇಕು. ವಿಚಾರಿಸುವವರು ಹೆಚ್ಚಿದರೂ ಕೊಳ್ಳುವವರು ಹೆಚ್ಚದಿದ್ದರೆ ದೋಷ ಮಾತಿನದಲ್ಲ. ಬೆಲೆಯನ್ನೋ ಮನೆಗೆ ಮುಟ್ಟಿಸುವ ವ್ಯವಸ್ಥೆಯನ್ನೋ ನೋಡಬೇಕಾಗುತ್ತದೆ.