ಮೂರನೆಯ ಗುರುತು ಹಾಕಬೇಕೇ, ಬಿಡಬೇಕೇ?

ಒಂದು ಪ್ರಶ್ನೆ ನೋಡಿ. ಕಾವೇರಿಯನ್ನು ಸೇರುವ ನದಿಗಳು ಯಾವುವು? (A) ಹೇಮಾವತಿ, (B) ತುಂಗಭದ್ರಾ, (C) ಕಬಿನಿ, (D) ಅರ್ಕಾವತಿ. ತುಂಗಭದ್ರಾ ಕೃಷ್ಣೆಯ ಪಾಲು, ಉಳಿದ ಮೂರೂ ಕಾವೇರಿಯವು. ಹಾಗಾಗಿ ಉತ್ತರ A, C, D. ಎಷ್ಟು ಆಯ್ಕೆಗಳು ಸರಿ ಎಂದು ಇಂಥ ಪ್ರಶ್ನೆ ಹೇಳುವುದಿಲ್ಲ. ನಾಲ್ಕು ಆಯ್ಕೆಗಳಿಂದ ಹದಿನೈದು ಬಗೆಯ ಉತ್ತರ ಬರೆಯಬಹುದು, ಕಣ್ಣುಮುಚ್ಚಿ ಊಹಿಸಿ ಗೆಲ್ಲುವವರು ಕಡಿಮೆ.

ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್ಡ್‌ನಲ್ಲಿ ಇಂಥ ಪ್ರಶ್ನೆಗಳು ಹಳೆಯವು. ಎಂಜಿನಿಯರಿಂಗ್ ಪದವೀಧರರ ಗೇಟ್ ಪರೀಕ್ಷೆಗೆ ಇವು ಬಂದದ್ದು 2021ರಲ್ಲಿ. ಪ್ರಶ್ನೆಯ ರೂಪ ಎರಡರಲ್ಲೂ ಒಂದೇ, ಅಂಕ ಕೊಡುವ ಲೆಕ್ಕ ಮಾತ್ರ ಬೇರೆ.

ಅಡ್ವಾನ್ಸ್ಡ್‌ನ ಇತ್ತೀಚಿನ ಪತ್ರಿಕೆಗಳ ಲೆಕ್ಕದಲ್ಲಿ A, C, D ಮೂರನ್ನೂ ಗುರುತಿಸಿದರೆ 4 ಅಂಕ. ಅವುಗಳಲ್ಲಿ ಎರಡನ್ನಷ್ಟೇ ಗುರುತಿಸಿದರೆ 2, ಒಂದನ್ನಷ್ಟೇ ಗುರುತಿಸಿದರೆ 1. ಖಾಲಿ ಬಿಟ್ಟರೆ ಸೊನ್ನೆ. ಜೊತೆಗೆ B ನುಸುಳಿತೋ, ಉಳಿದ ಮೂರೂ ಸರಿಯಿದ್ದರೂ ಮೈನಸ್ 2. ಗೇಟ್‌ನಲ್ಲಿ ಮೈನಸ್ಸೂ ಇಲ್ಲ, ಅರ್ಧಂಬರ್ಧಕ್ಕೆ ಅಂಕವೂ ಇಲ್ಲ: ಸರಿಯಾದವೆಲ್ಲವೂ ಬಂದು ತಪ್ಪು ಒಂದೂ ಬರದಿದ್ದರೆ ಪೂರ್ತಿ ಅಂಕ, ಇಲ್ಲವೆಂದರೆ ಸೊನ್ನೆ.

ಈಗ ಒಬ್ಬ ಹುಡುಗಿಗೆ A, C ಸರಿ, B ತಪ್ಪು ಎಂಬುದು ಖಚಿತ, ಅರ್ಕಾವತಿಯ ಬಗ್ಗೆ ಮಾತ್ರ ಅರ್ಧ ಅನುಮಾನ ಎಂದುಕೊಳ್ಳಿ. ಅಡ್ವಾನ್ಸ್ಡ್‌ನಲ್ಲಿ ಅವಳು D ಬಿಟ್ಟರೆ, ಅದು ನಿಜಕ್ಕೂ ತಪ್ಪಾಗಿದ್ದರೆ 4, ಸರಿಯಾಗಿದ್ದರೂ 2, ಸರಾಸರಿ 3. D ಹಾಕಿದರೆ ಒಂದೋ 4, ಇಲ್ಲವೇ ಮೈನಸ್ 2, ಸರಾಸರಿ 1. ಲೆಕ್ಕ ಮುಂದುವರಿಸಿದರೆ, D ಸರಿ ಎಂಬ ನಂಬಿಕೆ ನೂರಕ್ಕೆ 75 ದಾಟುವವರೆಗೂ ಬಿಡುವುದೇ ಲಾಭ. ಗೇಟ್‌ನಲ್ಲಿ ಗಡಿ 50ಕ್ಕೇ ಇಳಿಯುತ್ತದೆ, ಅಲ್ಲಿ ಕೊಂಚ ವಾಲಿದರೂ ಗುರುತು ಹಾಕುವುದೇ ಸರಿ. ಒಂದೇ ತಿಂಗಳಲ್ಲಿ ಎರಡೂ ಬಗೆಯ ಅಣಕು ಪರೀಕ್ಷೆ ಬರೆಯುವವರು ಈ ವ್ಯತ್ಯಾಸ ಮರೆಯುವುದೇ ಹೆಚ್ಚು.

ಗುರುತು ಹಾಕುವ ರೀತಿಯಲ್ಲೂ ಎಚ್ಚರ ಬೇಕು. ಕಂಪ್ಯೂಟರ್ ಪರದೆಯಲ್ಲಿ ಒಂದೇ ಉತ್ತರವಿರುವ ಪ್ರಶ್ನೆಗೆ ದುಂಡು ಗುಂಡಿ, ಹಲವು ಉತ್ತರದ್ದಕ್ಕೆ ಚೌಕ. ದುಂಡಿನಲ್ಲಿ ಹೊಸದನ್ನು ಒತ್ತಿದರೆ ಹಳೆಯದು ತಾನೇ ಹೋಗುತ್ತದೆ. ಚೌಕದಲ್ಲಿ ಹೋಗುವುದಿಲ್ಲ, ಮತ್ತೊಮ್ಮೆ ಒತ್ತಿಯೇ ತೆಗೆಯಬೇಕು. ಮನಸ್ಸು ಬದಲಿಸಿ B ಬಿಟ್ಟು D ಒತ್ತಿದವರ ಉತ್ತರದಲ್ಲಿ B ಹಾಗೆಯೇ ಉಳಿದಿರುತ್ತದೆ. ಕೊನೆಗೆ Save & Next ಒತ್ತುವುದಂತೂ ಇದ್ದೇ ಇದೆ.

ತರಗತಿಯ ಕಾಗದದ ಪರೀಕ್ಷೆಯಲ್ಲಾದರೆ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ, ನಡುವೆ ಅಲ್ಪವಿರಾಮ ಹಾಕಿ ಬರೆಯಿರಿ: A, C, D. ಮೊದಲು D ಹೊಳೆಯಿತೆಂದು D, A, C ಎಂದು ಬರೆದರೂ ಉತ್ತರ ಅದೇ, ಆದರೆ ಕಟ್ಟುಗಟ್ಟಲೆ ಪತ್ರಿಕೆ ತಿದ್ದುವ ಮೇಷ್ಟ್ರ ಕಣ್ಣು ಉತ್ತರಸೂಚಿಯ ಕ್ರಮವನ್ನೇ ಹುಡುಕುತ್ತಿರುತ್ತದೆ. ‘A, C ಅಥವಾ D’ ಎಂದು ಬರೆದರೆ ಅಂಕ ಕೇಳುವ ಹಾಗಿಲ್ಲ. ತಪ್ಪಿದ ಅಕ್ಷರದ ಮೇಲೆಯೇ ತಿದ್ದಿದರೆ B ಯಾವುದು, D ಯಾವುದು ತಿಳಿಯದು. ಇಡೀ ಉತ್ತರಕ್ಕೆ ಗೆರೆ ಎಳೆದು ಪಕ್ಕದಲ್ಲಿ ಹೊಸದಾಗಿ ಬರೆಯಿರಿ.