ಹೊಸ ಆವೃತ್ತಿ ಬಿಡುವ ದಿನ, ಫೋನ್ ಎತ್ತುವ ಇಬ್ಬರು

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುವ ಒಂದು ಸಣ್ಣ ಕಂಪನಿಯನ್ನು ಊಹಿಸಿಕೊಳ್ಳಿ. ಪ್ರೋಗ್ರಾಮ್ ಬರೆಯುವವರು ಐದು ಜನ, ಗ್ರಾಹಕರ ಫೋನ್ ಎತ್ತುವವರು ಇಬ್ಬರೇ. ವಾರಕ್ಕೆ ಹದಿನೈದು ಬದಲಾವಣೆಗಳು ಸಿದ್ಧವಾಗುತ್ತವೆ. ಎಲ್ಲವನ್ನೂ ಕೂಡಿಟ್ಟು ವಾರಕ್ಕೊಮ್ಮೆ ಬಿಡಬೇಕೋ, ಒಂದೊಂದು ಮುಗಿದ ಹಾಗೆಯೇ ಬಿಡುತ್ತಾ ಹೋಗಬೇಕೋ?

ಪ್ರೋಗ್ರಾಮರ್‌ಗಳು ಆಗಾಗ ಬಿಡೋಣ ಎನ್ನುತ್ತಾರೆ. ಅದಕ್ಕೆ ಗಟ್ಟಿ ಕಾರಣವೂ ಇದೆ. ರಿಯಾಯಿತಿ ಲೆಕ್ಕ ಹಾಕುವ ಭಾಗವನ್ನು ತಿದ್ದುವಾಗ ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ಕಡೆ ತಪ್ಪಾಯಿತು ಎನ್ನೋಣ. ಬೆಳಿಗ್ಗೆ 11ಕ್ಕೆ ಆ ಒಂದು ಬದಲಾವಣೆ ಮಾತ್ರ ಹೊರಗೆ ಹೋಗಿದ್ದು, 11:20ಕ್ಕೆ 'ಬಿಲ್ಲಿನಲ್ಲಿ ಒಂದು ರೂಪಾಯಿ ಹೆಚ್ಚು ಬರ್ತಿದೆ' ಎಂದು ಅಂಗಡಿಯವರು ಫೋನ್ ಮಾಡಿದರೆ ಹುಡುಕಾಟವೇ ಬೇಡ. ಅದೊಂದನ್ನು ಹಿಂದಕ್ಕೆ ತೆಗೆದರೆ ಆಯಿತು. ಹದಿನೈದನ್ನೂ ಒಟ್ಟಿಗೆ ಬಿಟ್ಟಿದ್ದರೆ ತಪ್ಪು ಯಾವುದರಲ್ಲಿದೆ ಎಂದು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಇಡೀ ಆವೃತ್ತಿಯನ್ನೇ ಹಿಂಪಡೆದರೆ, ಇನ್ನೊಬ್ಬ ಗ್ರಾಹಕರು ತಿಂಗಳಿಂದ ಕಾಯುತ್ತಿದ್ದ ಪ್ರಿಂಟರ್ ದುರಸ್ತಿಯೂ ಅದರ ಜೊತೆ ಹೋಗುತ್ತದೆ.

ಆದರೆ ಫೋನ್ ಎತ್ತುವ ಇಬ್ಬರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಬುಧವಾರ ಸಂಜೆ ಯಾರೋ 'ರಿಟರ್ನ್' ಬಟನ್ನನ್ನು ಮೆನುವಿನ ಒಳಕ್ಕೆ ಸರಿಸಿದ್ದಾರೆ. ಗುರುವಾರ ಬೆಳಿಗ್ಗೆ ಮೊದಲ ಕರೆಯಲ್ಲೇ 'ಬಟನ್ ಎಲ್ಲಿ ಹೋಯ್ತು ಮೇಡಂ?' ಎಂಬ ಪ್ರಶ್ನೆ. ಉತ್ತರಿಸಬೇಕಾದವರು ಆ ಹೊಸ ಪರದೆಯನ್ನು ಇನ್ನೂ ಕಂಡೇ ಇಲ್ಲ. ಸಹಾಯ ಪುಟದಲ್ಲಿ ಹಳೆಯ ಚಿತ್ರವೇ ಇದೆ. ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದು, ಅದು ಜಿಎಸ್‌ಟಿ ರಿಟರ್ನ್‌ನ ಕೊನೆಯ ದಿನವಾದ 20ನೇ ತಾರೀಖೂ ಆಗಿದ್ದರೆ, ನಿಜವಾದ ತೊಂದರೆಯಲ್ಲಿರುವ ಅಂಗಡಿಯವರಿಗೆ ಸಾಲಿನಲ್ಲಿ ಜಾಗವೇ ಸಿಗುವುದಿಲ್ಲ.

ನಿಗದಿತ ದಿನದ ಬೆಲೆ ಇರುವುದು ಇಲ್ಲೇ. ಮೈಕ್ರೋಸಾಫ್ಟ್ 2003ರಿಂದ ತನ್ನ ಭದ್ರತಾ ತಿದ್ದುಪಡಿಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತಾ ಬಂದಿದೆ. ದಿನ ಮೊದಲೇ ಗೊತ್ತಿದ್ದರೆ ಕಂಪನಿಗಳ ಕಂಪ್ಯೂಟರ್ ವಿಭಾಗದವರು ಪರೀಕ್ಷೆಗೆ ಜನರನ್ನೂ ಸಮಯವನ್ನೂ ಹೊಂದಿಸಿಕೊಳ್ಳಬಹುದು. ತೀರಾ ಅಪಾಯದ ದೋಷ ಕಂಡಾಗ ಮಾತ್ರ ಆ ದಿನಕ್ಕಾಗಿ ಕಾಯುವುದಿಲ್ಲ.

ನನ್ನ ಪ್ರಕಾರ, ಸಣ್ಣ ತಂಡ ಎರಡನ್ನೂ ಬೇರೆಬೇರೆ ಕೆಲಸಗಳೆಂದು ನೋಡಬೇಕು. ಸರ್ವರ್‌ಗೆ ಹೊಸ ಪ್ರೋಗ್ರಾಮ್ ಸೇರಿಸುವುದು ಒಂದು, ಗ್ರಾಹಕರ ಕಣ್ಣಿಗೆ ಅದನ್ನು ತೋರಿಸುವುದು ಇನ್ನೊಂದು. ನಮ್ಮ ಹದಿನೈದರಲ್ಲಿ ಹನ್ನೆರಡು ಅಂಗಡಿಯವರ ಕಣ್ಣಿಗೇ ಬೀಳದಂಥವು: ವೇಗ ಹೆಚ್ಚಿಸುವುದು, ದೋಷ ಸರಿಪಡಿಸುವುದು ಇತ್ಯಾದಿ. ಅವು ಸಿದ್ಧವಾದ ಹಾಗೆಯೇ ಹೋಗಲಿ. ಆದರೆ ಕಚೇರಿ ವೇಳೆಯಲ್ಲಿ, ಬರೆದವರು ಮೇಜಿನ ಮುಂದಿರುವಾಗ ಮಾತ್ರ. ಉಳಿದ ಮೂರು ಪರದೆಯನ್ನೇ ಬದಲಿಸುತ್ತವೆ. ಅವೂ ಸರ್ವರ್ ಸೇರಲಿ, ಆದರೆ ಫೀಚರ್ ಫ್ಲ್ಯಾಗ್ ಎಂಬ ಸ್ವಿಚ್ಚಿನ ಹಿಂದೆ, ಆಫ್ ಆಗಿಯೇ ಇರಲಿ. ಸೋಮವಾರ ಸಪೋರ್ಟ್‌ನ ಇಬ್ಬರೂ ತಮ್ಮ ಖಾತೆಯಲ್ಲಿ ಅವನ್ನು ಆನ್ ಮಾಡಿ ಬಳಸಿ ನೋಡುತ್ತಾರೆ, ಸಹಾಯ ಪುಟದ ಚಿತ್ರ ಬದಲಿಸುತ್ತಾರೆ. ಮಂಗಳವಾರ ಬೆಳಿಗ್ಗೆ ಹತ್ತಿಪ್ಪತ್ತು ಅಂಗಡಿಗಳಿಗೆ, ಮರುದಿನ ಎಲ್ಲರಿಗೂ. ಆ ವಾರ 20ನೇ ತಾರೀಖು ಬಂದರೆ ಮುಂದಿನ ವಾರಕ್ಕೆ. ದಿನ ಗೊತ್ತುಮಾಡುವ ಅಧಿಕಾರವೂ ಫೋನ್ ಎತ್ತುವವರದ್ದೇ ಆಗಿರಬೇಕು.

ಇದಕ್ಕೆ ಎರಡು ಶಿಸ್ತು ಬೇಕು. ಮೊದಲನೆಯದು, ಯಾವ ಬದಲಾವಣೆ ಯಾವ ಗಂಟೆಗೆ ಹೋಯಿತು ಎಂಬ ಸಾಲು ಸಾಲು ದಾಖಲೆ, ಅದೂ ಸಪೋರ್ಟ್‌ನವರಿಗೆ ಅರ್ಥವಾಗುವ ಮಾತಿನಲ್ಲಿ. ಎಲ್ಲ ದೋಷವೂ ಇಪ್ಪತ್ತು ನಿಮಿಷದಲ್ಲಿ ಫೋನಾಗಿ ಬರುವುದಿಲ್ಲ. ತಿಂಗಳ ಕೊನೆಯ ವರದಿಯಲ್ಲಿನ ತಪ್ಪು ಮೂರು ವಾರಗಳ ನಂತರ ಕಾಣುತ್ತದೆ; ಆಗ 'ಯಾವ ತಾರೀಖಿನ ಬಿಲ್ಲಿನಿಂದ ಹೀಗಾಗಿದೆ?' ಎಂದು ಕೇಳಿ ದಾಖಲೆಯ ಪಕ್ಕ ಇಟ್ಟು ನೋಡುವುದೊಂದೇ ದಾರಿ.

ಎರಡನೆಯದು, ಕೆಲಸ ಮುಗಿದ ಸ್ವಿಚ್ಚನ್ನೂ ಅದರ ಹಳೆಯ ಪ್ರೋಗ್ರಾಮನ್ನೂ ಕಿತ್ತುಹಾಕುವುದು. 2012ರ ಆಗಸ್ಟ್ 1ರಂದು ಅಮೆರಿಕದ ಶೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಹಳೆಯ ಸ್ವಿಚ್ಚೊಂದನ್ನು ಹೊಸ ಕೆಲಸಕ್ಕೆ ಮರುಬಳಸಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಪ್ರೋಗ್ರಾಮ್ ಹೋಗಿರಲಿಲ್ಲ. ಅಲ್ಲಿ ಆ ಸ್ವಿಚ್ಚು ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದ ಪ್ರೋಗ್ರಾಮನ್ನು ಎಬ್ಬಿಸಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು.

ಮೊಬೈಲ್ ಆ್ಯಪ್‌ಗೆ ಈ ವ್ಯವಸ್ಥೆ ಪೂರ್ತಿ ಒಗ್ಗುವುದಿಲ್ಲ. ಗ್ರಾಹಕರ ಫೋನಿಗೆ ಇಳಿದ ಆವೃತ್ತಿಯನ್ನು ವಾಪಸ್ ಕರೆಸಿಕೊಳ್ಳಲಾಗದು, ತಿದ್ದಿದ ಆವೃತ್ತಿ ಆ್ಯಪ್ ಸ್ಟೋರ್‌ನ ಪರಿಶೀಲನೆ ದಾಟಿಯೇ ಬರಬೇಕು. ಹಾಗಾಗಿ ಆ್ಯಪ್‌ಗೆ ವಾರಕ್ಕೊಂದೇ ಆವೃತ್ತಿ ಸಾಕು. ಅದನ್ನೂ ಒಮ್ಮೆಗೇ ಎಲ್ಲರಿಗೂ ಕೊಡಬೇಕಿಲ್ಲ: ಆ್ಯಪಲ್‌ನ ಹಂತ ಹಂತದ ಬಿಡುಗಡೆಯಲ್ಲಿ ತಾನಾಗಿ ಅಪ್‌ಡೇಟ್ ಆಗುವ ಫೋನುಗಳಿಗೆ ಮೊದಲ ದಿನ ಶೇ. 1, ಎರಡನೇ ದಿನ ಶೇ. 2, ಹೀಗೆ ಏಳನೇ ದಿನಕ್ಕೆ ಎಲ್ಲರಿಗೂ ತಲುಪುತ್ತದೆ, ನಡುವೆ ಕರೆಗಳು ಏರಿದರೆ ತಡೆಹಿಡಿಯಲೂಬಹುದು.