‘ಬಪ್ಪ’ ಅಂದರೆ ತಪ್ಪಾ?

‘ಮಳಿ ಬಪ್ಪುಕೆ ಮುಂಚೆ ಗದ್ದಿಗ್ ಹೋಯ್ಕ್.’ ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ಈ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ. ಇದನ್ನೇ ಉತ್ತರಪತ್ರಿಕೆಯಲ್ಲಿ ಬರೆದರೆ ಮಾತ್ರ ಕೆಂಪು ಗೆರೆ ಬೀಳುತ್ತದೆ. ಅಲ್ಲಿ ‘ಮಳೆ ಬರುವುದಕ್ಕೆ ಮುಂಚೆ ಗದ್ದೆಗೆ ಹೋಗಬೇಕು’ ಎಂದೇ ಇರಬೇಕು.

ಹಾಗಂತ ‘ಬಪ್ಪ’ ಎನ್ನುವುದು ಶುದ್ಧ ರೂಪವೊಂದು ಕೆಟ್ಟು ಹುಟ್ಟಿದ್ದಲ್ಲ. ಹಳಗನ್ನಡದ ‘ಬರ್ಪ’ ನಡುಗನ್ನಡದಲ್ಲಿ ‘ಬಪ್ಪ’ ಆಯಿತು, ‘ಪೋಪ’ ಹೋಗಿ ‘ಹೋಪ’ ಬಂತು. ವಚನಕಾರರಿಗೂ ಗದುಗಿನ ಕುಮಾರವ್ಯಾಸನಿಗೂ ಇವು ಬರವಣಿಗೆಯ ರೂಪಗಳೇ. ಮುಂದೆ ಬರಹ ‘ಬರುವ’, ‘ಹೋಗುವ’ಗಳ ಕಡೆ ವಾಲಿತು, ಕರಾವಳಿಯ ಬಾಯಲ್ಲಿ ಹಳೆಯವು ಉಳಿದವು. ಹೀಗಾಗಿ ಕಾವ್ಯಪಾಠದಲ್ಲಿ ‘ಬಪ್ಪ’ಕ್ಕೆ ಅರ್ಥ ಬರೆದರೆ ಅಂಕ, ಸ್ವಂತ ವಾಕ್ಯದಲ್ಲಿ ಬಳಸಿದರೆ ತಪ್ಪು.

ಯಾವ ಕನ್ನಡ ಒಳ್ಳೆಯದು ಎಂದು ತೀರ್ಮಾನವಾಗುವುದು ವ್ಯಾಕರಣದ ಬಲದಿಂದಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸಿತು. ಅದು ರಾಷ್ಟ್ರಕೂಟರ ಕಾಲ, ಕರಾವಳಿ ಆ ಗೆರೆಯ ಹೊರಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಶಾಲೆ, ಪಠ್ಯಪುಸ್ತಕ, ಅಚ್ಚುಕೂಟ ಬಂದಾಗ ಮೈಸೂರು ಮತ್ತು ಧಾರವಾಡದ ಮಾತಿಗೆ ತೂಕ ಬಂತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಒಂದು ಅಂಚು. ಹಲವು ಆಡಳಿತಗಳಲ್ಲಿ ಹಂಚಿಹೋದ ಕನ್ನಡಿಗರಿಗೆ ಒಂದೇ ಬರಹದ ಭಾಷೆ ಬೇಕಿತ್ತು. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗಲೂ, 1956ರಲ್ಲಿ ರಾಜ್ಯ ಒಂದಾದಾಗಲೂ ಆ ಅಗತ್ಯ ನಿಜವಾದದ್ದೇ. ಬೀದರ್‌ನವರೂ ಬೈಂದೂರಿನವರೂ ಒಂದೇ ಪತ್ರಿಕೆ ಓದುತ್ತಿರುವುದು ಅದರ ಫಲ.

ಆ ಒಂದೇ ಬರಹಕ್ಕಾಗಿ ಕುಂದಾಪುರದ ಕಡೆಯ ಈ ಮಾತು, ಕುಂದಗನ್ನಡ, ತೆತ್ತ ಬೆಲೆ ಸಾಹಿತ್ಯದಲ್ಲಿ ಕಾಣುತ್ತದೆ. ಕೋಟದ ಶಿವರಾಮ ಕಾರಂತರು ಕಾದಂಬರಿಯ ನಿರೂಪಣೆಗೆ ಶಿಷ್ಟ ಕನ್ನಡವನ್ನೇ ಆರಿಸಿಕೊಂಡರು. ಕುಂದಾಪುರದ ವೈದೇಹಿ ಅವರ ಕಥೆಗಳಲ್ಲಿ ಊರಿನ ಮಾತಿಗೆ ದೊಡ್ಡ ಜಾಗ ಸಿಕ್ಕಿತು, ಹೆಚ್ಚಾಗಿ ಪಾತ್ರಗಳ ಬಾಯಲ್ಲಿ. ನಾಟಕ, ಸಿನಿಮಾಗಳಲ್ಲೂ ಅದು ಸಂಭಾಷಣೆಯ ಭಾಷೆ. ನಗಿಸಲು, ಜಗಳಕ್ಕೆ, ಅಕ್ಕರೆಗೆ ಒದಗುವ ಮಾತು ತಾಲೂಕು ಕಚೇರಿಯ ಪ್ರಕಟಣೆಗೆ, ವಿಜ್ಞಾನದ ಪಾಠಕ್ಕೆ ಒದಗುವುದಿಲ್ಲ. ಅದಕ್ಕೆ ಶಕ್ತಿ ಇಲ್ಲವೆಂದಲ್ಲ, ಆ ಕೆಲಸ ಯಾರೂ ಕೊಟ್ಟಿಲ್ಲ.

ಹಾಗಾದರೆ ಕುಂದಗನ್ನಡಕ್ಕೂ ಒಂದು ಶಿಷ್ಟ ರೂಪ ಕಟ್ಟಬಹುದಲ್ಲ? ಮೊದಲ ತೊಡಕು ಕಾಗುಣಿತದ್ದು. ‘ಹೋಯ್ಕ್’ ಎಂದು ಬರೆಯುವವರಿದ್ದಾರೆ, ‘ಹ್ವಾಯ್ಕ್’ ಎನ್ನುವವರೂ ಇದ್ದಾರೆ. ಕುಂದಾಪುರ ಪೇಟೆಯ ಮಾತು, ಕಡಲ ಬದಿಯ ಮೊಗವೀರರ ಮಾತು, ಕೋಟದ ಬ್ರಾಹ್ಮಣರ ಮನೆಮಾತು ಒಂದೇ ಅಲ್ಲ. ಒಂದನ್ನು ಸರಿ ಎಂದರೆ ಮಿಕ್ಕವು ತಪ್ಪಾಗುತ್ತವೆ. ಮೈಸೂರು, ಧಾರವಾಡಗಳು ಮಾಡಿದ್ದನ್ನೇ ಕುಂದಾಪುರವೂ ಮಾಡಿದಂತಾಗುತ್ತದೆ.

ಅದಕ್ಕಿಂತ ಸುಲಭದ ದಾರಿ ತರಗತಿಯಲ್ಲೇ ಇದೆ. ‘ಬಪ್ಪುಕೆ’ ಎಂದು ಬರೆದ ಮಗುವಿನ ಪುಸ್ತಕದಲ್ಲಿ ಗೆರೆ ಎಳೆಯುವ ಬದಲು ಪಕ್ಕದಲ್ಲಿ ‘ಬರುವುದಕ್ಕೆ’ ಎಂದು ಬರೆದು, ಪರೀಕ್ಷೆಯಲ್ಲಿ ಯಾವುದು, ಮನೆಯಲ್ಲಿ ಯಾವುದು ಎಂದು ಹೇಳಿಕೊಟ್ಟರಾಯಿತು. ಮಗು ಎರಡನ್ನೂ ಕಲಿಯುತ್ತದೆ. ಶಿಷ್ಟ ಕನ್ನಡಕ್ಕೆ ಇದರಿಂದ ಏನೂ ನಷ್ಟವಿಲ್ಲ.